ಚಿತ್ರದಲ್ಲಿಲ್ಲದ ಸದ್ದು

ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ರಾಮದುರ್ಗದಲ್ಲಿ ಸುರೇಬಾನದ ಬಸ್ಸು ಹತ್ತಿ, ನಡುವೆ ಇಳಿದು, ಒಂದು ಮೈಲಿ ನಡೆದರೆ ನಮ್ಮ ಶಾಲೆ. ನಾಗರತ್ನಾ ಟೀಚರ್ ಬಾಯಿಗೆ ಹೆದರದವರಿಲ್ಲ, ನಾಗರತ್ನಾ ಟೀಚರ್ ಯಾರಿಗೂ ಹೆದರುವುದಿಲ್ಲ ಎಂದು ಊರಲ್ಲಿ ಹೇಳುತ್ತಾರೆ. ಹೇಳಿಕೊಳ್ಳಲಿ. ಈಗ ಮನೆಯಲ್ಲಿ ಕಿಟಕಿಯ ಕೊಂಡಿ ಟಕ್ ಎಂದರೂ ಸಾಕು, ಕೈಯಲ್ಲಿದ್ದ ಅನ್ನದ ತುತ್ತು ತಟ್ಟೆಗೆ ಹಾಕಿ ಮೇಲೆ ನೋಡುತ್ತೇನೆ. ನನ್ನ ಯಜಮಾನರು, "ಏನೂ ಇಲ್ಲ, ಉಣ್ಣು" ಎನ್ನುತ್ತಾರೆ. ಏನೂ ಇಲ್ಲ ಎಂದು ನನಗೂ ಗೊತ್ತು. ಆದರೂ ನೋಡುತ್ತೇನೆ.

ಇದಕ್ಕೆಲ್ಲ ಕಾರಣ ಹನ್ನೊಂದು ನಿಮಿಷದ ಒಂದು ಸಿನಿಮಾ, ಮತ್ತು ಅದನ್ನು ತೋರಿಸಿದ ಮೇಲೆ ನಾನು ಕೇಳದೆ ಬಿಟ್ಟ ಒಂದು ಪ್ರಶ್ನೆ.

ಜುಲೈಯಲ್ಲಿ ಬೈಲಹೊಂಗಲದಲ್ಲಿ ಎರಡು ದಿನ ತರಬೇತಿ ಇತ್ತು. ಶಾಲೆಯಲ್ಲಿ ಮಕ್ಕಳ ಸಿನಿಮಾ ಕೂಟ ನಡೆಸುವುದು ಹೇಗೆ ಎಂದು. ನಾನು ಬೈದುಕೊಂಡೇ ಹೋದೆ. ಮಕ್ಕಳು ಸಿನಿಮಾ ನೋಡುವುದನ್ನೂ ನಾವು ಕಲಿಸಬೇಕೇ, ಅವರೇ ನಮಗೆ ಕಲಿಸುತ್ತಾರೆ ಅಂದುಕೊಂಡೆ. ಅಲ್ಲಿಗೆ ಬಂದಿದ್ದ ತೆಳ್ಳನೆಯ ಹುಡುಗಿ, ನನ್ನ ಮಗಳ ವಯಸ್ಸಿನವಳು, ಮೊದಲು ಒಂದು ಪುಟ್ಟ ಚಿತ್ರ ತೋರಿಸಿದಳು. ಮುಗಿದ ತಕ್ಷಣ ನಾನು ಕೈ ಎತ್ತಿ, "ಇದರಿಂದ ತಿಳಿಯುವ ನೀತಿ ಏನಂದರೆ" ಎಂದು ಶುರು ಮಾಡಿದೆ. ಅವಳು ನಕ್ಕಳು. "ಮೇಡಂ, ನೀತಿ ಇರ್ಲಿ. ಚಿತ್ರದಾಗ ನೀವು ಏನ ನೋಡಿದ್ರಿ?" ಚಿತ್ರದಲ್ಲಿದ್ದ ಹುಡುಗನ ಅಂಗಿಯ ಬಣ್ಣ ಕೂಡ ನನಗೆ ಗೊತ್ತಿರಲಿಲ್ಲ. ಕಣ್ಣು ಚಿತ್ರದ ಮೇಲಿತ್ತು, ತಲೆ ಮಾತ್ರ ನೀತಿ ಹುಡುಕುತ್ತಿತ್ತು. ಅಂದು ನಿಜಕ್ಕೂ ನಾಚಿಕೆಯಾಯಿತು.

ಅವಳು ಕೊಟ್ಟದ್ದು ನಾಲ್ಕೇ ಪ್ರಶ್ನೆ. ಏನು ನೋಡಿದಿರಿ? ಏನು ಕೇಳಿಸಿತು? ಏನು ಅನ್ನಿಸಿತು, ಯಾವಾಗ? ಕೊನೆಯದು, ಹಾಗೆಂದು ಚಿತ್ರದಲ್ಲಿ ಎಲ್ಲಿದೆ, ತೋರಿಸಿ. ಜೊತೆಗೆ ಕೆಲವು ಕಟ್ಟಳೆ. ಚಿತ್ರ ಮುಗಿದ ಮೇಲೆ ಒಂದು ನಿಮಿಷ ಯಾರೂ ಮಾತಾಡಬಾರದು. ಟೀಚರ್ ತನ್ನ ಅಭಿಪ್ರಾಯ ಮೊದಲು ಹೇಳಬಾರದು. ಮಗು ಹೇಳಿದ್ದನ್ನು ತಿದ್ದದೆ ಅದರ ಮಾತಿನಲ್ಲೇ ಬೋರ್ಡಿನ ಮೇಲೆ ಬರೆಯಬೇಕು. ಯಾವ ಉತ್ತರವೂ ತಪ್ಪಲ್ಲ, ಆದರೆ ಪ್ರತಿ ಉತ್ತರದ ಹಿಂದೆಯೂ ನಾಲ್ಕನೆಯ ಪ್ರಶ್ನೆ ಹೋಗಲೇಬೇಕು. "ಈ ನಾಲ್ಕನೇದ್ದ ಬಿಟ್ರ ಅದು ಚರ್ಚಾ ಅಲ್ಲ ಮೇಡಂ, ಬರೇ ಹರಟಿ" ಅಂದಿದ್ದಳು. ನಾನು ಅದನ್ನು ವಹಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ.

ಶನಿವಾರ ಮುಂಜಾನೆಯ ಶಾಲೆ. ಅಂದು ಚೀಲದ ಹೊರೆ ಇಲ್ಲ, ಹಾಗಾಗಿ ಕೂಟಕ್ಕೆ ಅದೇ ಸರಿ. ಊರಿನ ಹಳೆಯ ವಿದ್ಯಾರ್ಥಿಗಳು ಕೊಟ್ಟ ಪ್ರೊಜೆಕ್ಟರ್ ಇತ್ತು. ಇಲ್ಲದ್ದು ಒಂದೇ, ಕತ್ತಲೆ. ಹೊಸ ಕೋಣೆಗಳಿಗೆ ಆಳೆತ್ತರದ ಕಿಟಕಿ. ಮುಂಜಾನೆಯ ಬಿಸಿಲಿಗೆ ಗೋಡೆಯ ಮೇಲಿನ ಚಿತ್ರ ನೀರು ಬೆರೆಸಿದ ಮಜ್ಜಿಗೆಯಂತೆ ಕಾಣುತ್ತಿತ್ತು. ಹಿತ್ತಲಲ್ಲಿ ಒಂದು ಹಳೆಯ ಕೋಣೆ ಇತ್ತು. ಕಲ್ಲಿನ ಗೋಡೆ, ಮೇಲೆ ಬೇವಿನ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಒಂದು ಗೇಣು ಮಣ್ಣಿನ ಮಾಳಿಗೆ. ಒಂದೇ ಕಿಟಕಿ, ಒಂದೇ ಬಾಗಿಲು. ಬಿಸಿಯೂಟದ ಅಕ್ಕಿ, ಬೇಳೆ, ಮುರಿದ ಬೆಂಚು ಇಡುವುದಕ್ಕೆ ಬಳಸುತ್ತಿದ್ದೆವು.

ನಮ್ಮ ಹೆಡ್‌ಸರ್ ಸಂಜೀವ ಅವರು ಒಳ್ಳೆಯವರು, ಸ್ವಲ್ಪ ಅಂಜುಬುರುಕರು. "ಅದು ಸಾಮಾನ ಇಡೂ ಖೋಲಿ ಟೀಚರ್. ಹುಡುಗೂರ್ನ ಕುಂದ್ರಸೂದು ಬ್ಯಾಡ್ರಿ" ಅಂದರು.

"ಸರ್, ವಾರಕ್ಕ ಒಂದ ತಾಸು. ನೂರು ವರ್ಷ ನಿಂತೈತಿ, ನಾವು ಒಂದ ತಾಸು ಕುಂತ್ರ ಬೀಳತೈತೇನು?"

ಈ ಮಾತು ನನ್ನ ಬಾಯಿಂದಲೇ ಬಂದದ್ದು. ಅವರು ಇನ್ನೂ ಏನೋ ಹೇಳುತ್ತಿದ್ದರು. ಆದರೆ ನಾನು ಮಾತಿಗೆ ನಿಂತರೆ ಅವರು ಸೋಲುತ್ತಾರೆಂದು ನಮ್ಮಿಬ್ಬರಿಗೂ ಗೊತ್ತು. ಆ ದಿನವೇ ಬೀಗದ ಕೈ ಇಸಕೊಂಡೆ.

ಮೂವತ್ತೊಂದು ಮಕ್ಕಳು, ಐದನೆಯ ಇಯತ್ತೆಯಿಂದ ಏಳನೆಯದರವರೆಗೆ. ಬೆಳಕು ಬಾರದಂತೆ ಕಿಟಕಿಗೆ ಹಳೆಯ ಸೀರೆ ಹೊಲಿದು ಮಾಡಿದ ಒಂದು ದಪ್ಪ ಕೌದಿ ಇಳಿಬಿಟ್ಟೆ. ಒಂದು ಮಗ್ಗುಲಿಗೆ ಮೊಳೆ ನಿಲ್ಲಲಿಲ್ಲ, ಹೊಡೆದಷ್ಟೂ ಗಾರೆ ಉದುರಿ ಹೊರಬರುತ್ತಿತ್ತು. ಆ ಮಗ್ಗುಲನ್ನು ಗೋಡೆಗೆ ಒತ್ತಿ ಹಿಡಿಯುವ ಕೆಲಸ ಐದನೆಯ ಇಯತ್ತೆಯ ಕಾಡವ್ವನದು. ಅವಳೇ ಕೇಳಿ ತೆಗೆದುಕೊಂಡಳು. ಮಾತು ಕಡಿಮೆಯ ಹುಡುಗಿ. ಒಂದು ಕೆಲಸ ಹೇಳಿದರೆ ಅದು ಮುಗಿಯಿತು ಎಂದು ನಾವು ಹೇಳುವವರೆಗೆ ಬಿಡುವವಳಲ್ಲ. ಗೋಡೆಗೆ ಭುಜ ಕೊಟ್ಟು, ಕಿವಿ ಕಲ್ಲಿಗೆ ತಾಗಿಸಿ, ಕೌದಿ ಒತ್ತಿ ನಿಲ್ಲುತ್ತಿದ್ದಳು. ಅಲ್ಲಿಂದ ಪರದೆ ಓರೆಯಾಗಿ ಕಾಣುತ್ತಿತ್ತು.

ಹನ್ನೊಂದು ನಿಮಿಷದ ಚಿತ್ರ ಸೆಪ್ಟೆಂಬರಿನಲ್ಲಿ ತೋರಿಸಿದ್ದು. ಮಾತಿಲ್ಲ. ಹೊಲಕ್ಕೆ ಹೋದ ತಾಯಿ ಬಂದಿಲ್ಲ, ಹೊತ್ತು ಮುಳುಗುತ್ತಿದೆ, ಮನೆಯಲ್ಲಿ ಒಂದು ಹುಡುಗಿ ಒಬ್ಬಳೇ ಮಂಚದ ಮೇಲೆ ಕೂತಿದ್ದಾಳೆ. ಹೊರಗೆ ಯಾರೋ ನಡೆಯುವ ಸದ್ದು. ಬಾಗಿಲ ಹತ್ತಿರ ಬರುತ್ತದೆ, ನಿಲ್ಲುತ್ತದೆ, ಹೋಗುತ್ತದೆ. ಯಾರು ಎಂದು ತೋರಿಸುವುದೇ ಇಲ್ಲ. ಕೊನೆಗೆ ತಾಯಿ ಬರುತ್ತಾಳೆ. ಅಷ್ಟೇ. ಆ ಅಷ್ಟಕ್ಕೇ ಜಮಖಾನದ ಮೇಲಿನ ಮಕ್ಕಳೆಲ್ಲ ಒಬ್ಬರ ತೋಳು ಒಬ್ಬರು ಹಿಡಿದು ಕೂತಿದ್ದರು. ನನಗೂ ಕೈ ಮೇಲಿನ ಕೂದಲು ಎದ್ದಿತ್ತು.

ಹಿಂದಿನ ವಾರ ಅವರಿಗೆ ಒಂದು ಹೊಸ ವಿಷಯ ಹೇಳಿದ್ದೆ. ಸಿನಿಮಾದಲ್ಲಿ ಕಾಣುವುದರ ಸದ್ದು ಒಂದು, ಕಾಣದ್ದರ ಸದ್ದು ಇನ್ನೊಂದು. ಪರದೆಯ ಚೌಕಟ್ಟಿನ ಆಚೆ ಏನೋ ಇದೆ ಎಂದು ಕಿವಿಗೆ ಮಾತ್ರ ಹೇಳುತ್ತಾರೆ, ಅದಕ್ಕೇ ಅಂಜಿಕೆ ಹೆಚ್ಚು. ಆ ಶನಿವಾರ ಮಕ್ಕಳು ಅದನ್ನೇ ಹಿಡಿದುಕೊಂಡರು. ಒಂದು ನಿಮಿಷದ ಮೌನ ಮುಗಿದದ್ದೇ ತಡ, ಕೈಗಳು ಎದ್ದವು.

"ನಾಯಿ ಬೊಗಳಿದ್ದು ಕೇಳ್ತು, ನಾಯಿ ಕಾಣಲಿಲ್ರಿ."

"ಹೆಜ್ಜಿ ಸಪ್ಪಳ ಕೇಳ್ತು, ಕಾಲು ಕಾಣಲಿಲ್ರಿ."

ಏಳನೆಯ ಇಯತ್ತೆಯ ಸಿದ್ಧಾರೂಢ, ವಾದಕ್ಕೆ ನಿಂತರೆ ನನ್ನನ್ನೂ ಬಿಡದವನು, "ಗಾಳಿ ಸಪ್ಪಳನೂ ಹೊರಗಿಂದ ಅಲ್ರಿ?" ಎಂದ. ಆರನೆಯ ಇಯತ್ತೆಯ ಗಂಗಾ, ಏನು ನೋಡಿದೆ ಎಂದರೆ, "ಪ್ರೊಜೆಕ್ಟರ್ ಬೆಳಕಿನ್ಯಾಗ ಸಣ್ಣ ಮಳಿ ಬೀಳಾಕತ್ತಿತ್ತು" ಎಂದಳು. ಎಲ್ಲರೂ ನಕ್ಕರು. "ಅದು ಧೂಳವ್ವಾ, ಪಿಚ್ಚರ್ ಅಲ್ಲ" ಎಂದು ನಾನೂ ನಕ್ಕೆ. ಕಟ್ಟಳೆಯ ಪ್ರಕಾರ ನಗಬಾರದಿತ್ತು.

ಆಗ ಕಾಡವ್ವ ಕೈ ಎತ್ತಿದಳು. ಅವಳು ಕೂಟದಲ್ಲಿ ಕೈ ಎತ್ತಿದ್ದು ಅದೇ ಮೊದಲು.

"ಮ್ಯಾಲ ಟಕ್ ಅಂತ ಕೇಳ್ತ್ರಿ. ಆಮ್ಯಾಲ ಕರ್ರ್ ಅಂತ. ಯಾರೋ ಮಾಳಿಗಿ ಮ್ಯಾಲ ಕುಂತು ತೊಲಿ ತಿರುವಿದಂಗ."

ನನಗೆ ಆದ ಸಂತೋಷ ಹೇಳತೀರದು. ಮಾತಾಡದ ಹುಡುಗಿ ಮಾತಾಡಿದ್ದಳು, ಅದೂ ಎಂಥ ಮಾತು! ಚಿತ್ರದ ಮನೆಯ ಮಾಳಿಗೆಯ ಮೇಲೆ, ಕಾಣದ ಕಡೆ, ಯಾರೋ ಕೂತಿದ್ದಾರೆ. ಮಾಡಿದವರಿಗೂ ಹೊಳೆಯದ್ದು ಈ ಪೋರಿಗೆ ಹೊಳೆದಿದೆ ಅಂದುಕೊಂಡೆ. "ಭೇಷ್, ಕಾಡವ್ವಾ! ಎಲ್ಲಾರೂ ಚಪ್ಪಾಳಿ ಹೊಡೀರಿ" ಎಂದೆ. ಮಕ್ಕಳು ಹೊಡೆದರು. ಅವಳ ಮಾತನ್ನು ಇದ್ದ ಹಾಗೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ. ಗಂಟೆ ಹೊಡೆಯಿತು.

ನಾಲ್ಕನೆಯ ಪ್ರಶ್ನೆ ನಾನು ಕೇಳಲಿಲ್ಲ. ಚಿತ್ರದಲ್ಲಿ ಎಲ್ಲಿದೆ, ತೋರಿಸು ಎನ್ನಲಿಲ್ಲ.

ಭಾನುವಾರ ಬಟ್ಟೆ ಒಗೆಯುತ್ತಿದ್ದಾಗ ಆ ಮಾತು ಮತ್ತೆ ನೆನಪಾಯಿತು. ತೊಲೆ ತಿರುವಿದ ಹಾಗೆ. ಕೈ ಒರೆಸಿಕೊಂಡು ಲ್ಯಾಪ್‌ಟಾಪಿನಲ್ಲಿ ಚಿತ್ರ ಹಾಕಿದೆ. ಆರನೆಯ ನಿಮಿಷದ ಹೊತ್ತಿಗೆ ಹುಡುಗಿ ಮಂಚದ ಮೇಲೆ ಸರಿದು ಕೂರುತ್ತಾಳೆ, ಮಂಚ ಕಿರ್ ಎನ್ನುತ್ತದೆ. ಇದೇ ಇರಬೇಕು ಎಂದುಕೊಂಡೆ. ಟಕ್ ಎಂಬುದು ಸಿಗಲಿಲ್ಲ. ಸಿಗದಿದ್ದರೂ, ಇದೇ ಇರಬೇಕು ಎಂದು ಮುಚ್ಚಿಟ್ಟೆ. ಮನಸ್ಸಿಗೆ ಬೇಕಾದ ಉತ್ತರ ಸಿಕ್ಕರೆ ದೊಡ್ಡವರು ಮುಂದೆ ಹುಡುಕುವುದಿಲ್ಲ.

ಬುಧವಾರದಿಂದ ಮಳೆ ಹಿಡಿಯಿತು. ನಮ್ಮ ಕಡೆ ಜೂನಿನಲ್ಲಿ ಬಾ ಎಂದರೆ ಬಾರದ್ದು ಸೆಪ್ಟೆಂಬರಿನಲ್ಲಿ ಬೇಡ ಎಂದರೂ ಬರುತ್ತದೆ. ಗುರುವಾರ, ಶುಕ್ರವಾರ ಬಿಡದೆ ಸುರಿಯಿತು. ಶನಿವಾರ ಮುಂಜಾನೆ ಬಿಸಿಲು ಬಿತ್ತು. ಬಾಗಿಲು ತೆಗೆದಾಗ ಕೋಣೆಯಲ್ಲಿ ಹಸಿ ಮಣ್ಣಿನ ವಾಸನೆ ಗಾಢವಾಗಿತ್ತು, ಅಕ್ಕಿ ಚೀಲಗಳ ಮೇಲೆ ಸಣ್ಣಗೆ ಮಣ್ಣು ಉದುರಿತ್ತು. ಜಾಡಿಸಿ ಜಮಖಾನ ಹಾಸಿದೆ. ಈಗ ಬರೆಯುವಾಗ ಆ ಜಾಡಿಸಿದ ಕೈಯನ್ನು ಕಡಿದುಕೊಳ್ಳಬೇಕು ಅನ್ನಿಸುತ್ತದೆ.

ಅಂದಿನ ಪಾಠ ಹೀಗಿತ್ತು. ಅದೇ ಚಿತ್ರದ ನಾಲ್ಕು ನಿಮಿಷದ ತುಣುಕನ್ನು ಮೊದಲು ಸದ್ದು ಬಂದ್ ಮಾಡಿ ನೋಡುವುದು, ಆಮೇಲೆ ಚಿತ್ರ ಮುಚ್ಚಿ ಸದ್ದು ಮಾತ್ರ ಕೇಳುವುದು. ಅಂಜಿಕೆ ಕಣ್ಣಿನಿಂದ ಬಂತೋ ಕಿವಿಯಿಂದ ಬಂತೋ ಮಕ್ಕಳೇ ಹೇಳಲಿ ಎಂದು. ಬೋರ್ಡಿನ ಮೇಲೆ ಹಿಂದಿನ ವಾರದ ಮಾತುಗಳು ಹಾಗೇ ಇದ್ದವು.

ಶುರು ಮಾಡುವ ಮೊದಲೇ ಸಿದ್ಧಾರೂಢ ಎದ್ದು ನಿಂತ.

"ಟೀಚರ್ರಿ, ಕಾಡವ್ವ ಹೇಳಿದ ಸಪ್ಪಳ ಪಿಚ್ಚರದಾಗ ಇಲ್ರಿ."

"ಹೆಂಗ ಹೇಳ್ತಿ?"

"ನಾ ಸ್ಪೀಕರ್ ಬಾಜೂಕ ಕುಂತಿದ್ದೆ. ನನಗ ಎಲ್ಲಾರಕಿಂತ ಜೋರ ಕೇಳಬೇಕಲ್ರಿ? ನನಗ ಕೇಳಿಲ್ಲ. ಆಕಿ ಅಷ್ಟ ದೂರ ಕಿಡಕಿ ಕಡೆ ಇದ್ಳು. ಆಕಿಗೆ ಹೆಂಗ ಕೇಳ್ತದ?"

"ಕೇಳೇತಿ" ಎಂದಳು ಕಾಡವ್ವ ಕೌದಿಯ ಹಿಂದಿನಿಂದ. ದನಿ ಸಣ್ಣದು, ಗಟ್ಟಿಯಾಗಿತ್ತು.

"ಹಂಗಾರ ಎಲ್ಲೈತಿ ತೋರ್ಸು. ನಾಕನೇ ಪ್ರಶ್ನಿ ಐತಲ್ಲ."

ಎಲ್ಲರೂ ನನ್ನ ಕಡೆ ನೋಡಿದರು. ಹುಡುಗ ನನ್ನ ತಪ್ಪನ್ನೇ ಎತ್ತಿ ತೋರಿಸಿದ್ದ. ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಭಾನುವಾರ ಎಷ್ಟು ಹುಡುಕಿದರೂ ಸಿಗದ ಆ ಟಕ್ ನೆನಪಾಯಿತು. "ಆತು, ನೋಡೂನು. ಸಪ್ಪಳ ಬಂದ್ ಮಾಡತೇನಿ. ಯಾರೂ ಉಸಿರು ಬಿಡೂ ಹಂಗಿಲ್ಲ. ಪಿಚ್ಚರದಾಗ ಇದ್ರ ಈಗ ಕೇಳೂದಿಲ್ಲ" ಎಂದೆ. ಸ್ಪೀಕರಿನ ವಾಯರು ಕಿತ್ತೆ.

ಗೋಡೆಯ ಮೇಲೆ ಹುಡುಗಿ ಮಂಚದ ಮೇಲೆ ಕೂತಳು. ಬಾಗಿಲ ಕಡೆ ನೋಡಿದಳು. ಸದ್ದಿಲ್ಲ. ಮೂವತ್ತೊಂದು ಮಕ್ಕಳು ಬಾಯಿ ಮುಚ್ಚಿ ಕೂತರೆ ಒಂದು ಕೋಣೆ ಎಷ್ಟು ನಿಶ್ಶಬ್ದವಾಗುತ್ತದೆಂದು ಅದುವರೆಗೆ ನನಗೆ ಗೊತ್ತಿರಲಿಲ್ಲ. ಪ್ರೊಜೆಕ್ಟರಿನ ಫ್ಯಾನಿನ ಗುಂಯ್ ಮಾತ್ರ ಕೇಳುತ್ತಿತ್ತು. ಒಂದು ನಿಮಿಷವಾಯಿತು. ಸಿದ್ಧಾರೂಢ ಗೆದ್ದವನ ಹಾಗೆ ತಲೆ ಎತ್ತಿದ.

ಟಕ್.

ಕಿಟಕಿಯ ಹತ್ತಿರ ಕತ್ತಲಲ್ಲಿ ಒಂದು ಪುಟ್ಟ ಕೈ ಮೇಲೆದ್ದಿತು. "ಈಗ ಬಂತ್ರಿ" ಎಂದಳು ಕಾಡವ್ವ.

ಇನ್ನೊಂದು ಕೈ ಎದ್ದಿತು. ಆಮೇಲೆ ನಾಲ್ಕು. ಯಾರೂ ಮಾತಾಡಲಿಲ್ಲ, ಕಟ್ಟಳೆ ಮುರಿಯಲಿಲ್ಲ. ಕೇಳಿಸಿದವರು ಕೈ ಎತ್ತಿದರು, ಅಷ್ಟೇ. ಗಂಗಾ ಪಿಸುಗುಟ್ಟಿದಳು, "ಟೀಚರ್ರಿ, ಬೆಳಕಿನ್ಯಾಗ ಮತ್ತ ಮಳಿ."

ಪ್ರೊಜೆಕ್ಟರಿನ ಬೆಳಕಿನ ಪಟ್ಟಿಯಲ್ಲಿ ಮಣ್ಣು ಇಳಿಯುತ್ತಿತ್ತು. ಧೂಳಲ್ಲ. ಧೂಳು ತೇಲುತ್ತದೆ. ಇದು ನೇರ ಬೀಳುತ್ತಿತ್ತು.

ಮೊಬೈಲಿನ ಟಾರ್ಚು ಹಚ್ಚಿ ಮೇಲೆ ಹಿಡಿದೆ. ನಡುವಿನ ತೊಲೆ ಕಿಟಕಿಯ ಗೋಡೆಯೊಳಗೆ ಸೇರುವ ಕಡೆ, ಕರಿ ಹಿಡಿದ ಮರದ ಪಕ್ಕ, ಎರಡು ಬೆರಳು ಅಗಲದ ಬಿಳಿ ಮರ ಕಂಡಿತು. ಇಷ್ಟು ವರ್ಷ ಗೋಡೆಯೊಳಗೆ ಇದ್ದ ಮರ ಅದು, ಹೊರಗೆ ಜಾರಿ ಬಂದಿತ್ತು. ಅದರ ತುಂಬ ಗೆದ್ದಲು ತಿಂದ ಗೀರು. ಅದರ ಕೆಳಗೆ ಸರಿಯಾಗಿ ಕಾಡವ್ವ ನಿಂತಿದ್ದಳು. ನಾನು ನೋಡುತ್ತಿದ್ದಂತೆಯೇ ಕರ್ರ್ ಎಂದಿತು.

ಕೂಗಬೇಕು ಅನ್ನಿಸಿತು. ಬಾಯಿ ತೆರೆದೂ ತೆರೆದೆ. ಆದರೆ ಬಾಗಿಲು ಒಂದೇ, ಅದೂ ಒಳಗೆ ತೆರೆಯುವುದು, ಇಕ್ಕೆಲಗಳಲ್ಲೂ ಅಕ್ಕಿ ಚೀಲ. ನಾನು ಚೀರಿದರೆ ಮೂವತ್ತೊಂದು ಮಕ್ಕಳೂ ಒಮ್ಮೆಲೇ ಬಾಗಿಲಿಗೆ ಬೀಳುತ್ತಾರೆ, ಬಾಗಿಲು ಮುಚ್ಚಿಕೊಳ್ಳುತ್ತದೆ, ಮುಗಿಯಿತು.

"ಭಾಳ ಛಲೋ" ಎಂದೆ. ನನ್ನ ದನಿ ಯಾರದೋ ದನಿಯ ಹಾಗೆ ಕೇಳಿಸಿತು. "ಈಗ ಐದನೇ ಪ್ರಶ್ನಿ. ಇದ ಸಪ್ಪಳ ಹೊರಗ ನಿಂತ್ರ ಕೇಳತೈತೋ ಇಲ್ಲೋ? ಬಾಗಲಾ ಕಡೆ ಕುಂತವ್ರು ಮೊದಲ ಏಳ್ರಿ. ಒಬ್ಬರ ಹಿಂದ ಒಬ್ಬರು. ಮಾತಾಡಿದವ್ರು ಆಟದಿಂದ ಹೊರಗ. ಬೇವಿನ ಗಿಡದ ಬುಡಕ ಹೋಗಿ ನಿಂತು ಕೇಳ್ರಿ."

ಬಾಗಿಲನ್ನು ಬೆನ್ನಿನಿಂದ ಒತ್ತಿ ಹಿಡಿದು ನಿಂತೆ. ಮಕ್ಕಳು ತುದಿಗಾಲ ಮೇಲೆ ನನ್ನ ಮುಂದೆ ಹಾದರು. ಒಂದು, ಎರಡು, ಮೂರು. ಕೆಲವರು ನಗು ತಡೆಯುತ್ತಿದ್ದರು. ಸಿದ್ಧಾರೂಢ ಪ್ರೊಜೆಕ್ಟರಿನತ್ತ ಬಾಗಿದ. "ಬಿಡು" ಎಂದೆ. ಅವನು ನನ್ನ ಮುಖ ನೋಡಿದ. ಅವನಿಗೆ ತಿಳಿಯಿತು. ತುಟಿ ಕಚ್ಚಿ, ಮುಂದಿದ್ದ ಸಣ್ಣ ಹುಡುಗಿಯ ಕೈ ಹಿಡಿದು ಹೊರಗೆ ನಡೆದ. ಹದಿನೆಂಟು, ಹತ್ತೊಂಬತ್ತು. ಜಮಖಾನದ ಮೇಲೆ ಒಂದು ಹೆಂಟೆ ಮಣ್ಣು ಬಿತ್ತು. ಇಪ್ಪತ್ತಾರು. ದೇವರೇ, ಇನ್ನೂ ಐದು. ಮೂವತ್ತು.

ಒಬ್ಬರು ಕಡಿಮೆ.

ಕೋಣೆಯಲ್ಲಿ ಚಿತ್ರ ಇನ್ನೂ ಓಡುತ್ತಿತ್ತು. ಕಿಟಕಿಯ ಪಕ್ಕ ಕೌದಿ ಗೋಡೆಗೆ ಒತ್ತಿದ ಹಾಗೇ ಇತ್ತು.

"ಕಾಡವ್ವಾ, ಬಾ."

"ಪಿಚ್ಚರ್ ಮುಗೀತೇನ್ರಿ?"

"ಮುಗೀತವ್ವಾ. ಕೌದಿ ಬಿಡು. ಬಾ."

"ಇನ್ನೂ ನಡದೈತಲ್ರಿ" ಎಂದಳು. ನಿಜ, ಗೋಡೆಯ ಮೇಲೆ ಹುಡುಗಿ ಇನ್ನೂ ಬಾಗಿಲು ನೋಡುತ್ತಲೇ ಇದ್ದಳು. ಕತ್ತಲೆ ಕೆಡಬಾರದು ಎಂದು ಹೇಳಿದವಳು ನಾನು. ಮುಗಿದ ಮೇಲೆ ಬಿಡು ಎಂದು ಹೇಳಿದವಳೂ ನಾನೇ. ನನ್ನ ಮಾತಿನ ಮೇಲೆ ಆ ಮಗು ಸಾವಿನ ಕೆಳಗೆ ನಿಂತಿತ್ತು. ಮುಂದೆ ಏನು ಮಾಡಿದೆ ಎಂದು ಸರಿಯಾಗಿ ನೆನಪಿಲ್ಲ. ಬಾಗಿಲು ಬಿಟ್ಟು ಒಳಗೆ ಓಡಿದ್ದು, ಅವಳ ರಟ್ಟೆ ಹಿಡಿದು ಎಳೆದದ್ದು, ಅವಳು "ರಟ್ಟಿ ನೋಯತೈತ್ರಿ" ಎಂದದ್ದು ನೆನಪಿದೆ. ಅಂಗಳದ ಬಿಸಿಲು ಕಣ್ಣಿಗೆ ಬಡಿದಾಗ ನಾನು ಅವಳನ್ನು ಎತ್ತಿಕೊಂಡಿದ್ದೆ.

ಮಾಳಿಗೆ ಬೀಳಲಿಲ್ಲ.

ಬೇವಿನ ಗಿಡದ ಬುಡದಲ್ಲಿ ಮಕ್ಕಳು ಕಿವಿಗೆ ಕೈ ಹಚ್ಚಿ ನಿಂತಿದ್ದರು. ಏನೂ ಕೇಳುತ್ತಿರಲಿಲ್ಲ. ಹೆಡ್‌ಸರ್ ಓಡಿ ಬಂದರು. ನಾನು ಹೇಳಿದ್ದನ್ನು ಕೇಳಿ ದೂರದಿಂದ ಮಾಳಿಗೆ ನೋಡಿದರು. "ನಿಂತೈತಲ್ರಿ ಟೀಚರ್, ನೆಟ್ಟಗ" ಎಂದರು. ಐದು ನಿಮಿಷವಾಯಿತು. ಹತ್ತು ನಿಮಿಷವಾಯಿತು. ಆಗ ನಾಚಿಕೆ ಬರತೊಡಗಿತು. ಗುಡ್ಡ ಅಗೆದು ಇಲಿ ಹಿಡಿದೆನೇನೋ ಎಂದುಕೊಂಡೆ.

ಅಡುಗೆಯ ರಾಚವ್ವ ಬೇಳೆ ಕೇರುವ ಮೊರ ಹಿಡಿದು ಬಂದಳು. "ಟೀಚರ್, ಹನ್ನೊಂದಕ್ಕ ಊಟ ಆಗಬೇಕು. ಬ್ಯಾಳಿ ತಗೊಂಡ ಬರತೇನಿ."

"ಒಳಗ ಹೋಗಬ್ಯಾಡ."

"ಒಂದ ಮರ ಬ್ಯಾಳಿರಿ. ಹಿಂಗ ಹೋಗಿ ಹಂಗ ಬರತೇನಿ. ದಿನಾ ಹೋಗಾಕಿ ನಾನು."

ಹೆಡ್‌ಸರ್ ಕೂಡ, "ಪ್ರೊಜೆಕ್ಟರ್ ಐತ್ರಿ ಒಳಗ, ಅಕ್ಕಿ ಐತಿ. ನಾಕ ಮಂದಿ ದೊಡ್ಡವ್ರು ಹೋಗಿ ಲಗೂನ ತಗದ್ರ" ಎಂದು ಹೊರಟೇಬಿಟ್ಟರು. ಅಂಜುಬುರುಕ ಮನುಷ್ಯ ಆ ದಿನವೇ ಧೈರ್ಯ ಮಾಡಬೇಕೇ? ನಾನು ಬಾಗಿಲಿಗೆ ಅಡ್ಡ ನಿಂತೆ. ನನ್ನ ಬಾಯಿ ಗೊತ್ತಲ್ಲ, ಅಂದು ಅದು ಇಬ್ಬರನ್ನೂ ಹೊಸಿಲು ದಾಟಲು ಬಿಡಲಿಲ್ಲ. ರಾಚವ್ವನನ್ನು ಮೂಳಿ ಎಂದೂ ಬೈದೆ. ಅವಳು ಮೊರ ನೆಲಕ್ಕೆ ಕುಕ್ಕಿ, "ನಾ ಏನ ನಿಮ್ಮ ಗಂಟ ಕೇಳೇನೇನ್ರಿ?" ಎಂದು ಅಳು ಮೋರೆ ಮಾಡಿಕೊಂಡು ತಿರುಗಿದಳು. ನಾನೂ ಅವಳ ಹಿಂದೆ ಮೂರು ಹೆಜ್ಜೆ ಹೋದೆ, ಸಮಾಧಾನ ಮಾಡೋಣವೆಂದು.

ಹಿಂದೆ ಏನೋ ನಿಟ್ಟುಸಿರು ಬಿಟ್ಟಂತೆ ಆಯಿತು. ಆಮೇಲೆ ಧಡ್ ಎಂದಿತು. ನೆಲ ಕಾಲ ಕೆಳಗೆ ಹಾರಿತು. ಬಾಗಿಲಿನಿಂದ ಕೆಂಪು ಧೂಳು ಉಕ್ಕಿ ಬಂದು ನಮ್ಮನ್ನು ಮುಚ್ಚಿತು. ಮಕ್ಕಳು ಚೀರಿದರು. ನಾನು ಎಣಿಸತೊಡಗಿದೆ. ಧೂಳಿನಲ್ಲಿ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದೆ. ಮೂವತ್ತೊಂದು. ಮತ್ತೆ ಎಣಿಸಿದೆ. ಮೂವತ್ತೊಂದು. ಮೂರನೆಯ ಸಲ ಎಣಿಸುವಾಗ ಹೆಡ್‌ಸರ್ ನನ್ನ ಕೈ ಹಿಡಿದು, "ಸಾಕ್ರಿ ಟೀಚರ್, ಎಲ್ಲಾರೂ ಅದಾರ" ಎಂದರು.

ಧೂಳು ಇಳಿದ ಮೇಲೆ ನೋಡಿದೆವು. ಜಮಖಾನ ಹಾಸಿದ್ದ ಜಾಗದಲ್ಲಿ ಎದೆ ಮಟ್ಟ ಮಣ್ಣು. ಕಿಟಕಿಯ ಗೋಡೆ ಪೂರಾ ಒಳಗೆ ಕುಸಿದಿತ್ತು. ಕಾಡವ್ವ ನಿಂತಿದ್ದ ಕಡೆ ಕಲ್ಲುಗಳ ಮೇಲೆ ನಡುವಿನ ತೊಲೆ ಅಡ್ಡ ಬಿದ್ದಿತ್ತು.

ಸದ್ದಿಗೆ ಊರೇ ಬಂತು. ಗೋವಿನಜೋಳದ ಹೊಲದಲ್ಲಿದ್ದವರು ಕೆಸರುಗಾಲಲ್ಲೇ ಓಡಿ ಬಂದರು. ತಾಯಂದಿರು ತಮ್ಮ ತಮ್ಮ ಮಕ್ಕಳ ಮೈ ಮುಟ್ಟಿ ನೋಡಿ ಅತ್ತರು, ಆಮೇಲೆ ಎರಡೇಟು ಹಾಕಿದರು, ಮತ್ತೆ ಅತ್ತರು. ಮಕ್ಕಳೇ ಎಲ್ಲ ಹೇಳಿದರು. ಟೀಚರ್ ಆಟ ಆಡಿಸಿ ಹೊರಗೆ ತಂದದ್ದು, ರಾಚವ್ವನನ್ನು ತಡೆದದ್ದು. ಹಿರಿಯರೊಬ್ಬರು ನನಗೆ ಕೈ ಮುಗಿದರು. "ದೇವ್ರು ಬಂದಂಗ ಬಂದ್ರಿ ಅಕ್ಕೋರ" ಎಂದಳು ಒಬ್ಬ ಹೆಂಗಸು. ರಾಚವ್ವ ನನ್ನ ಕಾಲಿಗೇ ಬಿದ್ದಳು. ಬೇಡ, ಬೇಡ ಎಂದೆ. ನಿಜ ಹೇಳಬೇಕೆಂದರೆ ಆ ಮಾತುಗಳು ನನಗೆ ಬೇಕಾಗಿದ್ದವು. ನೀರಡಿಸಿದವಳು ನೀರು ಕುಡಿದ ಹಾಗೆ ಅವನ್ನು ಕುಡಿದೆ. ಕೋಣೆಯ ಬೀಗದ ಕೈ ಇನ್ನೂ ನನ್ನ ಸೊಂಟದಲ್ಲಿತ್ತು. ಈ ಕೋಣೆ ತೆರೆಸಿದವರು ಯಾರೆಂದು ಯಾರೂ ಕೇಳಲಿಲ್ಲ. ಹೆಡ್‌ಸರ್ ಕೂಡ ಬಾಯಿ ಬಿಡಲಿಲ್ಲ.

ಕಾಡವ್ವನ ತಾಯಿ ಬೀರವ್ವ ಎಲ್ಲರಿಗಿಂತ ತಡವಾಗಿ ಬಂದಳು. ಕುರಿ ಹಟ್ಟಿಯಿಂದ ಬರಬೇಕಲ್ಲ, ದೂರ. ಬಂದವಳು ಅಳಲಿಲ್ಲ. ಮಗಳ ತಲೆಯ ಮಣ್ಣು ಜಾಡಿಸಿದಳು, ನನ್ನ ಬೆರಳಿನ ಗುರುತು ಮೂಡಿದ್ದ ರಟ್ಟೆ ಸವರಿದಳು. ಬಿದ್ದ ಗೋಡೆಯನ್ನು ಒಂದು ಗಳಿಗೆ ನೋಡಿದಳು.

"ನೀ ಎಲ್ಲಿ ನಿಂತಿದ್ದಿ?"

ಕಾಡವ್ವ ತೊಲೆ ಬಿದ್ದ ಕಡೆ ಬೆರಳು ತೋರಿಸಿದಳು.

"ಸಪ್ಪಳ ಮೊದಲ ಯಾರಿಗಿ ಕೇಳ್ತು?"

"ನನಗ."

"ಮತ್ತ ಟೀಚರ್‌ಗೆ ಹೇಳಬಾರದೇನ, ಹುಚ್ಚಿ? ಅಲ್ಲೇ ನಿಂತಿದ್ದೇನು?"

"ಹೇಳಿದ್ನೆವ್ವಾ" ಎಂದಳು ಕಾಡವ್ವ. "ಹ್ವಾದ ಶನಿವಾರನ ಹೇಳಿದ್ನಿ."

ಬೀರವ್ವ ತಲೆ ಎತ್ತಿ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ಅವಳಿಗೆ ಅರ್ಥವಾಗಿರಲಿಲ್ಲ, ಅಷ್ಟೇ. "ಹ್ವಾದ ಶನಿವಾರ?" ಎಂದಳು. "ಹೇಳಿದ್ರ ಟೀಚರ್ ಏನಂದ್ರು?"

ನಾನು ಬಾಯಿ ತೆರೆದೆ. ಯಾರಿಗೂ ಹೆದರದ ಈ ಬಾಯಿಂದ ಒಂದು ಅಕ್ಷರವೂ ಹೊರಡಲಿಲ್ಲ.

ಕಾಡವ್ವ ನನ್ನನ್ನು ನೋಡಿ ನಕ್ಕಳು. ತಾಯಿ ನನ್ನನ್ನು ಬೈಯಬಾರದೆಂದೋ, ಇಲ್ಲ ನಿಜವಾಗಿಯೂ ಹೆಮ್ಮೆಯಿಂದಲೋ, ಮೈ ನೆಟ್ಟಗೆ ಮಾಡಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಭೇಷ್ ಅಂದ್ರವ್ವಾ. ಎಲ್ಲಾರ ಕಡಿಂದ ಚಪ್ಪಾಳಿ ಹೊಡಿಸಿದ್ರು."